ಇನ್ನೂರೊಂದನೇ ಯೂನಿಟ್

ದಾವಣಗೆರೆಯಲ್ಲಿ ಒಂದು ಮನೆ ಇದೆ ಎಂದಿಟ್ಟುಕೊಳ್ಳಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ಅಜ್ಜಿ. ಗೃಹಜ್ಯೋತಿಗೆ ನೋಂದಾಯಿಸಿಕೊಂಡಿದ್ದಾರೆ. 2022-23ರಲ್ಲಿ ಅವರ ಮನೆಯ ತಿಂಗಳ ಸರಾಸರಿ ಬಳಕೆ 164 ಯೂನಿಟ್ ಇತ್ತು. ಅದಕ್ಕೆ ಶೇಕಡಾ ಹತ್ತು ಸೇರಿಸಿ ಸರ್ಕಾರ ಅವರಿಗೆ 180 ಯೂನಿಟ್ಟಿನ ಅರ್ಹತೆ ನಿಗದಿ ಮಾಡಿದೆ. ಹೆಚ್ಚಿನ ತಿಂಗಳು ಸೊನ್ನೆ ಬಿಲ್ಲೇ ಬರುತ್ತದೆ. ಯಾವಾಗಲಾದರೂ ಒಮ್ಮೆ ನೂರು, ನೂರಿಪ್ಪತ್ತು ರೂಪಾಯಿ ಬರುತ್ತದೆ. 2025ರ ಮೇ ತಿಂಗಳಲ್ಲಿ ಮೀಟರ್ ರೀಡರ್ ಹರಿದುಕೊಟ್ಟ ಚೀಟಿಯಲ್ಲಿ ಮಾತ್ರ 1,778 ರೂಪಾಯಿ ಎಂದಿದೆ. ಬಳಕೆ 201 ಯೂನಿಟ್.

ಇದೇ ಮನೆ 200 ಯೂನಿಟ್ ಬಳಸಿದ್ದರೆ ಎಷ್ಟು ಕಟ್ಟಬೇಕಿತ್ತು? ಸುಮಾರು 134 ರೂಪಾಯಿ. ಒಂದೇ ಒಂದು ಯೂನಿಟ್ ಹೆಚ್ಚಾಗಿದ್ದಕ್ಕೆ 1,644 ರೂಪಾಯಿ ಹೆಚ್ಚು. ಒಂದು ಯೂನಿಟ್ ಎಂದರೆ ಸಾವಿರ ವ್ಯಾಟಿನ ಕಾಯಿಲನ್ನು ಒಂದು ಗಂಟೆ ನೀರಿಗಿಟ್ಟರೆ ಆಗುವಷ್ಟು ಕರೆಂಟು. ಈ ಲೆಕ್ಕ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ ಬಿಲ್ಲಿನ ಪ್ರತಿಯೊಂದು ಸಾಲೂ ಅರ್ಥವಾಗುತ್ತದೆ. ಹಾಗಾಗಿ ಈ ಚೀಟಿಯನ್ನೇ ಹಿಡಿದುಕೊಂಡು ಓದೋಣ.

ಬಿಲ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣೂ ಹೋಗುವುದು ಕೆಳಗಿನ ಮೊತ್ತಕ್ಕೆ. ಆದರೆ ಆ ಮೊತ್ತದಿಂದ ಏನೂ ತಿಳಿಯುವುದಿಲ್ಲ. ಓದಲು ಶುರುಮಾಡಬೇಕಾದ್ದು ಎರಡು ಮಾಪನ ಮತ್ತು ಎರಡು ದಿನಾಂಕಗಳಿಂದ. ನಮ್ಮ ಮನೆಯ ಚೀಟಿಯಲ್ಲಿ ಹಿಂದಿನ ಮಾಪನ 14,286, ಇಂದಿನ ಮಾಪನ 14,487. ಎರಡರ ನಡುವಿನ ವ್ಯತ್ಯಾಸ 201. ಪಕ್ಕದಲ್ಲಿ ಮಾಪನ ಸ್ಥಿರಾಂಕ ಎಂದು ಒಂದು ಅಂಕಿ ಇರುತ್ತದೆ. ಸಾಮಾನ್ಯ ಮನೆಗಳಿಗೆ ಅದು 1. ವ್ಯತ್ಯಾಸವನ್ನು ಅದರಿಂದ ಗುಣಿಸಿದರೆ ಯೂನಿಟ್. ನಿಮ್ಮ ಮನೆಯ ಚೀಟಿಯಲ್ಲಿ ಅದು 1 ಅಲ್ಲದೆ ಬೇರೆ ಏನಾದರೂ ಇದ್ದರೆ ಮುಂದಿನದ್ದನ್ನು ಓದುವ ಮೊದಲೇ ಸಬ್ ಡಿವಿಷನ್ ಕಚೇರಿಗೆ ಹೋಗಿ ಕೇಳಬೇಕು.

ಇನ್ನು ಇಂದಿನ ಮಾಪನ ನಿಜವೇ ಎಂದು ನೋಡಬೇಕು. ಎಲೆಕ್ಟ್ರಾನಿಕ್ ಮೀಟರಿನ ಪರದೆಯ ಮೇಲೆ ಅಂಕಿಗಳು ಒಂದಾದ ಮೇಲೊಂದು ಬದಲಾಗುತ್ತಾ ಹೋಗುತ್ತವೆ. ದಿನಾಂಕ, ಸಮಯ, ವೋಲ್ಟೇಜ್ ಎಲ್ಲವೂ ಬರುತ್ತವೆ. ಯಾವ ಅಂಕಿಯ ಪಕ್ಕ kWh ಎಂದು ಬರುತ್ತದೋ ಅದೇ ಯೂನಿಟ್ಟಿನ ಮಾಪನ. kW ಎಂದಷ್ಟೇ ಇದ್ದರೆ ಅದು ಬೇರೆ ಸಂಗತಿ, ಅದರ ವಿಷಯ ಮುಂದೆ ಬರುತ್ತದೆ. ಬಿಲ್ ಬಂದ ದಿನವೇ ನೋಡಿದರೆ ಮೀಟರಿನ ಅಂಕಿ ಬಿಲ್ಲಿನ ಅಂಕಿಗಿಂತ ಮೂರೋ ನಾಲ್ಕೋ ಮುಂದಿರಬಹುದು, ಹಿಂದಿರಲು ಸಾಧ್ಯವೇ ಇಲ್ಲ. ಹಿಂದಿದ್ದರೆ ಓದುವಾಗ ತಪ್ಪಾಗಿದೆ, ಇಲ್ಲವೇ ಮೀಟರ್ ನೋಡದೆ ಬರೆದಿದ್ದಾರೆ.

ಈಗ ದಿನಾಂಕ. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ, ನಮ್ಮ ಮನೆಯ ಗುಟ್ಟು ಇರುವುದೂ ಇಲ್ಲಿಯೇ. ಹಿಂದಿನ ಬಾರಿ ಮೀಟರ್ ಓದಿದ್ದು ಏಪ್ರಿಲ್ 3ರಂದು, ಈ ಬಾರಿ ಮೇ 5ರಂದು. ನಡುವೆ 32 ದಿನ. 201 ಯೂನಿಟ್ಟನ್ನು 32ರಿಂದ ಭಾಗಿಸಿದರೆ ದಿನಕ್ಕೆ 6.28 ಯೂನಿಟ್. ಮೀಟರ್ ರೀಡರ್ ಮೇ 3ಕ್ಕೇ ಬಂದಿದ್ದರೆ ಮೂವತ್ತು ದಿನಕ್ಕೆ 188 ಯೂನಿಟ್ ಆಗುತ್ತಿತ್ತು. ಮನೆಯವರು ಒಂದು ದೀಪವನ್ನೂ ಹೆಚ್ಚು ಉರಿಸಿಲ್ಲ, ಫ್ಯಾನ್ ಒಂದು ಗಂಟೆಯೂ ಹೆಚ್ಚು ತಿರುಗಿಲ್ಲ. ಮೀಟರ್ ಓದುವುದು ಎರಡು ದಿನ ತಡವಾಯಿತು, ಅಷ್ಟೆ. ಭಾನುವಾರ, ರಜೆ, ರೀಡರಿಗೆ ಹುಷಾರಿಲ್ಲದ ದಿನ, ಹೀಗೆ ಕಾರಣ ಏನು ಬೇಕಾದರೂ ಇರಬಹುದು. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಆದರೆ ಗ್ರಾಹಕರು ತಾವು ಮಾಡದ ತಪ್ಪಿಗೆ ದಂಡ ತೆರಬಾರದು. ಮಿತಿ ಇರುವುದು ತಿಂಗಳಿಗೆ. ದಿನಗಳು ಹೆಚ್ಚಾದಾಗ ಮಿತಿಯೂ ಅದೇ ಪ್ರಮಾಣದಲ್ಲಿ ಹಿಗ್ಗಬೇಕು ಎಂದು ಕೇಳುವುದು ನ್ಯಾಯವಾದ ಬೇಡಿಕೆ. ಬಳಕೆ ಮಿತಿ ಮೀರಿದ ತಿಂಗಳು ಮೊದಲು ದಿನ ಎಣಿಸಿ. ಮೂವತ್ತು, ಮೂವತ್ತೊಂದಕ್ಕಿಂತ ಹೆಚ್ಚಿದ್ದರೆ ದಿನಕ್ಕೆಷ್ಟು ಎಂದು ಭಾಗಿಸಿ, ಆ ಲೆಕ್ಕವನ್ನು ಬರೆದು ಅರ್ಜಿ ಕೊಡಿ. ಬಾಯಿಮಾತಿನಲ್ಲಿ ಕೇಳಿದರೆ ಉತ್ತರವೂ ಬಾಯಿಮಾತಿನಲ್ಲೇ ಬರುತ್ತದೆ.

ಇದಕ್ಕಿಂತ ದೊಡ್ಡ ಏರುಪೇರು ಆಗುವುದು ಬಾಗಿಲು ಹಾಕಿದ್ದ ತಿಂಗಳಲ್ಲಿ. ಮೀಟರ್ ಗೇಟಿನ ಒಳಗಿದೆ, ಮನೆಯವರು ಊರಿಗೆ ಹೋಗಿದ್ದಾರೆ. ರೀಡರ್ ಬಂದು ನೋಡಿ ಬಾಗಿಲು ಹಾಕಿದೆ ಎಂದು ನಮೂದಿಸಿ, ಹಳೆಯ ಸರಾಸರಿಯ ಮೇಲೆ ಬಿಲ್ ಕೊಡುತ್ತಾರೆ. ಚೀಟಿಯಲ್ಲಿ ಇದಕ್ಕೆ DL ಎಂಬ ಗುರುತು ಇರುತ್ತದೆ. ಮೀಟರ್ ಕೆಟ್ಟು ನಿಂತಿದ್ದರೆ MNR ಎಂದಿರುತ್ತದೆ. ಮುಂದಿನ ತಿಂಗಳು ನಿಜವಾದ ಮಾಪನ ಸಿಕ್ಕಾಗ ಎರಡು ತಿಂಗಳ ಬಳಕೆ ಒಟ್ಟಿಗೆ ಕಾಣುತ್ತದೆ. ಒಂದು ಮನೆ ಎರಡು ತಿಂಗಳಲ್ಲಿ 310 ಯೂನಿಟ್ ಬಳಸಿದೆ, ಮೊದಲ ತಿಂಗಳು ಸರಾಸರಿ ಲೆಕ್ಕದಲ್ಲಿ 140 ಯೂನಿಟ್ಟಿಗೆ ಬಿಲ್ ಆಗಿದೆ ಎನ್ನೋಣ. ಸರಿಯಾದ ಕ್ರಮ ಎಂದರೆ 310ನ್ನು ಎರಡು ತಿಂಗಳಿಗೆ ಹಂಚಿ ತಿಂಗಳಿಗೆ 155 ಎಂದು ಲೆಕ್ಕ ಹಾಕಿ, ಆಗಲೇ ಬಿಲ್ ಆದದ್ದನ್ನು ಅದರಲ್ಲಿ ಕಳೆಯುವುದು. ತಪ್ಪಾಗುವುದು ಇಡೀ 310 ಒಂದೇ ತಿಂಗಳ ತಲೆಗೆ ಬಿದ್ದಾಗ. ಆಗ ಇನ್ನೂರರ ಗೆರೆ ದಾಟಿ ಸಹಾಯಧನವೇ ಹೋಗುತ್ತದೆ. ಇದನ್ನು ಕಂಡುಹಿಡಿಯಲು ಕಳೆದ ತಿಂಗಳ ಚೀಟಿಯೂ ಕೈಯಲ್ಲಿರಬೇಕು. ಕಳೆದ ತಿಂಗಳ ‘ಇಂದಿನ ಮಾಪನ’ವೇ ಈ ತಿಂಗಳ ‘ಹಿಂದಿನ ಮಾಪನ’ವಾಗಿ ಬಂದಿದೆಯೇ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಹಳೆಯ ಚೀಟಿಗಳು ಶಾಯಿ ಮಾಸಿ ಬಿಳಿ ಕಾಗದವಾಗಿಬಿಡುತ್ತವೆ. ಆದ್ದರಿಂದ ಬಂದ ದಿನವೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡುವುದು ಒಳ್ಳೆಯದು. ಊರಿಗೆ ಹೊರಡುವ ಮುಂಚೆ ಮೀಟರಿನ ಫೋಟೊವನ್ನೂ ತೆಗೆದಿಟ್ಟುಕೊಂಡರೆ ಆಮೇಲೆ ವಾದ ಮಾಡಬೇಕಾದ ಪ್ರಮೇಯವೇ ಬರುವುದಿಲ್ಲ.

ಮಾಪನವೂ ಸರಿ, ದಿನವೂ ಸರಿ, ಆದರೂ ಬಳಕೆ ನಂಬಲಾಗದಷ್ಟು ಹೆಚ್ಚಿದೆ ಎಂದರೆ ಮೀಟರ್ ಮೇಲೆ ಅನುಮಾನ ಬರುತ್ತದೆ. ಇದನ್ನು ಮನೆಯಲ್ಲೇ ಒಂದು ಮಟ್ಟಿಗೆ ಪರೀಕ್ಷಿಸಬಹುದು. ಮೀಟರಿನ ಮುಖದ ಮೇಲೆ ಮಿನುಗುವ ಒಂದು ಕೆಂಪು ದೀಪ ಇದೆ. ಅದರ ಹತ್ತಿರ 3200 imp/kWh ಎಂದೋ 1600 imp/kWh ಎಂದೋ ಬರೆದಿರುತ್ತದೆ. ಆ ದೀಪ ಅಷ್ಟು ಬಾರಿ ಮಿನುಗಿದರೆ ಒಂದು ಯೂನಿಟ್ ಎಂದು ಅರ್ಥ. ಮನೆಯ ಎಲ್ಲ ಸ್ವಿಚ್ ಆರಿಸಿ, ಫ್ರಿಜ್ಜಿನ ಪ್ಲಗ್ ಕಿತ್ತು, ಸಾವಿರ ವ್ಯಾಟಿನ ವಾಟರ್ ಹೀಟರ್ ಕಾಯಿಲ್ ಒಂದನ್ನೇ ಬಕೆಟ್ ನೀರಿನಲ್ಲಿಟ್ಟು ಹಾಕಿ. ಆ ನೀರನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ. 3200ರ ಮೀಟರಾದರೆ ದೀಪ ಒಂದು ನಿಮಿಷಕ್ಕೆ ಸುಮಾರು 53 ಬಾರಿ ಮಿನುಗಬೇಕು. ವೋಲ್ಟೇಜ್ 210ಕ್ಕೆ ಇಳಿದಿದ್ದರೆ ಕಾಯಿಲ್ ಎಳೆಯುವ ಕರೆಂಟೂ ಕಡಿಮೆಯಾಗಿ 44ರ ಆಸುಪಾಸಿಗೆ ಬರಬಹುದು. ಎಪ್ಪತ್ತು ಎಂಬತ್ತು ಬಂದರೆ ಮಾತ್ರ ಮೀಟರ್ ಪರೀಕ್ಷೆಗೆ ಅರ್ಜಿ ಹಾಕಲು ಕಾರಣವಿದೆ.

ಈ ಪರೀಕ್ಷೆಗೆ ಮುಂಚೆ ಇನ್ನೊಂದನ್ನು ನೋಡಬಹುದು. ಎಲ್ಲ ಸ್ವಿಚ್ಚುಗಳೂ ಆರಿದ್ದು, ಯಾವ ಪ್ಲಗ್ಗೂ ಹಾಕಿಲ್ಲದೆ, ಮೇನ್ ಸ್ವಿಚ್ ಮಾತ್ರ ಹಾಕಿದ್ದಾಗ ದೀಪ ಸುಮ್ಮನಿರಬೇಕು. ಆಗಲೂ ಮಿನುಗುತ್ತಿದ್ದರೆ ಎಲ್ಲೋ ಕರೆಂಟು ಸೋರುತ್ತಿದೆ, ಇಲ್ಲವೇ ನಿಮ್ಮ ಲೈನಿನಿಂದ ಇನ್ಯಾವುದಕ್ಕೋ ಹೋಗುತ್ತಿದೆ. ವಠಾರದ ಮನೆಗಳಲ್ಲಿ ಮೆಟ್ಟಿಲಿನ ದೀಪ, ಸಂಪಿನ ಮೋಟಾರು ಒಬ್ಬ ಬಾಡಿಗೆದಾರರ ಮೀಟರಿಗೆ ಸೇರಿಕೊಂಡಿರುವುದು ಅಪರೂಪವೇನಲ್ಲ. ಗೋಡೆಯ ಒಳಗಿನ ವೈರಿಗೆ ನೀರಿಳಿದಿದ್ದರೂ ಹೀಗಾಗುತ್ತದೆ, ಅದು ಹಣಕ್ಕಿಂತ ಜೀವದ ಪ್ರಶ್ನೆ. ಆ ದಿನವೇ ಎಲೆಕ್ಟ್ರಿಷಿಯನ್ನರನ್ನು ಕರೆಸಬೇಕು.

ನಮ್ಮ ದಾವಣಗೆರೆ ಮನೆಗೆ ಮರಳೋಣ. ಅಲ್ಲಿ ಮೀಟರ್ ಸರಿಯಾಗಿದೆ, 201 ಯೂನಿಟ್ ನಿಜ. ಈಗ ಹಣದ ಸಾಲುಗಳು. ಮೊದಲು ಬರುವುದು ನಿಗದಿತ ಶುಲ್ಕ, 435 ರೂಪಾಯಿ. ಇದಕ್ಕೂ 201ಕ್ಕೂ ಸಂಬಂಧವಿಲ್ಲ. ಮನೆಗೆ ಬೀಗ ಹಾಕಿ ತಿಂಗಳಿಡೀ ಹೊರಗಿದ್ದರೂ ಬರುವ ಹಣ ಇದು. ಮೀಟರ್ ಹಾಕಿಸುವಾಗ ಇಷ್ಟು ಕಿಲೋವ್ಯಾಟ್ ಬೇಕು ಎಂದು ಬರೆದುಕೊಟ್ಟು ಮಂಜೂರಾದ ಲೋಡ್ ಏನಿದೆಯೋ ಅದನ್ನು ದರದಿಂದ ಗುಣಿಸುತ್ತಾರೆ. 2025-26ರಲ್ಲಿ ಗೃಹಬಳಕೆಗೆ ಕಿಲೋವ್ಯಾಟಿಗೆ 145 ರೂಪಾಯಿ. ಈ ಮನೆಗೆ ಮೂರು ಕಿಲೋವ್ಯಾಟ್, ಹಾಗಾಗಿ 435. ಹಿಂದಿನ ವರ್ಷ ಈ ದರ 120 ಇತ್ತು. ತಂತಿ, ಕಂಬ, ಟ್ರಾನ್ಸ್‌ಫಾರ್ಮರುಗಳನ್ನು ನೀವು ಬಳಸಿದರೂ ಬಳಸದಿದ್ದರೂ ನಿಮಗಾಗಿ ಸಿದ್ಧವಾಗಿಟ್ಟಿರಬೇಕು, ಅದರ ಖರ್ಚು ಇದು ಎಂಬುದು ಇದರ ಹಿಂದಿನ ವಾದ. ಆ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ 2025ರ ಮಾರ್ಚಿನ ಆದೇಶದಲ್ಲಿ ಯೂನಿಟ್ ದರ ಹತ್ತು ಪೈಸೆ ಇಳಿದು ನಿಗದಿತ ಶುಲ್ಕ 25 ರೂಪಾಯಿ ಏರಿತು. ಇದರ ಪರಿಣಾಮವನ್ನು ಗಮನಿಸಬೇಕು. ಮೂರು ಕಿಲೋವ್ಯಾಟಿನ ಮನೆಗೆ ಒಂದು ಕಡೆ ತಿಂಗಳಿಗೆ 75 ರೂಪಾಯಿ ಹೆಚ್ಚಾಯಿತು. ಹತ್ತು ಪೈಸೆಯ ಇಳಿಕೆಯಿಂದ ಅದನ್ನು ಸರಿದೂಗಿಸಬೇಕಾದರೆ 750 ಯೂನಿಟ್ ಬಳಸಬೇಕು. ಅಷ್ಟು ಬಳಸುವವರು ಎಷ್ಟು ಜನ? ಕಡಿಮೆ ಬಳಸುವ ಮನೆ ಕರೆಂಟು ಉಳಿಸಿ ಬಿಲ್ ಇಳಿಸುವ ದಾರಿ ಕಿರಿದಾಗುತ್ತಿದೆ.

ನಿಗದಿತ ಶುಲ್ಕವನ್ನು ಇಳಿಸಲು ಇರುವುದು ಒಂದೇ ದಾರಿ, ಮಂಜೂರಾದ ಲೋಡ್ ಇಳಿಸಿಕೊಳ್ಳುವುದು. ಮೀಟರಿನ ಪರದೆಯಲ್ಲಿ kW ಎಂದು ಬರುವ ಅಂಕಿಯ ವಿಷಯ ಆಗ ಹೇಳಿದೆನಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪಕ್ಕದಲ್ಲಿ MD ಎಂಬ ಗುರುತಿದ್ದರೆ ಆ ತಿಂಗಳಲ್ಲಿ ಮನೆ ಒಂದೇ ಹೊತ್ತಿಗೆ ಎಳೆದ ಗರಿಷ್ಠ ಪ್ರಮಾಣ ಅದು. ಬಿಲ್ಲಿನಲ್ಲೂ ಮುದ್ರಣವಾಗಿರುತ್ತದೆ. ಗೀಸರ್ ಎರಡು ಕಿಲೋವ್ಯಾಟ್, ಇಂಡಕ್ಷನ್ ಒಲೆ ಒಂದೂವರೆ ಎರಡು, ಮುಕ್ಕಾಲು ಕಿಲೋವ್ಯಾಟಿನ ಮೋಟಾರು. ಬೆಳಿಗ್ಗೆ ಇವು ಮೂರೂ ಒಟ್ಟಿಗೆ ಓಡಿದರೆ ಆ ಅಂಕಿ ನಾಲ್ಕು ದಾಟುತ್ತದೆ. ಒಂದಾದ ಮೇಲೊಂದು ಹಾಕಿಕೊಂಡರೆ ಎರಡೂವರೆಯಲ್ಲಿ ನಿಲ್ಲುತ್ತದೆ. ಮನೆ ಕಟ್ಟುವಾಗ ಯಾರೋ ಹೇಳಿದರೆಂದು ಐದು ಕಿಲೋವ್ಯಾಟ್ ಮಂಜೂರು ಮಾಡಿಸಿಕೊಂಡವರು ಬಹಳ ಜನ. ಒಂದು ವರ್ಷದ ಬಿಲ್ಲುಗಳನ್ನು ತೆಗೆದು ನೋಡಿದಾಗ ಯಾವ ತಿಂಗಳೂ ಗರಿಷ್ಠ ಪ್ರಮಾಣ ಎರಡೂವರೆ ದಾಟಿಲ್ಲ ಎಂದರೆ ಮೂರಕ್ಕೆ ಇಳಿಸಲು ಅರ್ಜಿ ಹಾಕಬಹುದು. 2025-26ರ ದರದಲ್ಲಿ ತಿಂಗಳಿಗೆ 290 ರೂಪಾಯಿ, ವರ್ಷಕ್ಕೆ 3,480 ರೂಪಾಯಿ ಉಳಿಯುತ್ತದೆ. ಬೇಸಿಗೆಯ ತಿಂಗಳುಗಳನ್ನೂ ಗೀಸರ್ ಹೆಚ್ಚು ಓಡುವ ಚಳಿಗಾಲವನ್ನೂ ಬಿಟ್ಟು ಲೆಕ್ಕ ಹಾಕಬೇಡಿ. ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವ ಅಥವಾ ಎ.ಸಿ. ಹಾಕಿಸುವ ಯೋಚನೆ ಇದ್ದರೆ ಆತುರಪಡಬೇಡಿ. ಮಂಜೂರಾದ ಲೋಡನ್ನು ಮತ್ತೆ ಮತ್ತೆ ಮೀರಿದರೆ ಕಂಪನಿಯೇ ಅದನ್ನು ಏರಿಸಲು ಮುಂದಾಗುತ್ತದೆ, ಹೆಚ್ಚುವರಿ ಠೇವಣಿಯನ್ನೂ ಕೇಳುತ್ತದೆ.

ಮುಂದಿನ ಸಾಲು ವಿದ್ಯುತ್ ಬಳಕೆ ಶುಲ್ಕ. 201 ಯೂನಿಟ್ಟಿಗೆ 5 ರೂಪಾಯಿ 80 ಪೈಸೆಯಂತೆ 1,165 ರೂಪಾಯಿ 80 ಪೈಸೆ. ಹಳೆಯ ಬಿಲ್ಲುಗಳನ್ನು ನೋಡಿ ಅಭ್ಯಾಸವಾದವರಿಗೆ ಇಲ್ಲಿ ಏನೋ ಬಿಟ್ಟುಹೋಗಿದೆ ಅನ್ನಿಸುತ್ತದೆ. ಮೊದಲು ಇಲ್ಲಿ ಮೂರು ನಾಲ್ಕು ಸಾಲು ಇರುತ್ತಿದ್ದವು. ಅದೇ ಸ್ಲ್ಯಾಬ್. 2022-23ರಲ್ಲಿ ಬೆಂಗಳೂರಿನ ಮನೆಯೊಂದಕ್ಕೆ ಮೊದಲ 50 ಯೂನಿಟ್ಟಿಗೆ 4.15, ಮುಂದಿನ ಐವತ್ತಕ್ಕೆ 5.60, ನೂರರಿಂದ ಇನ್ನೂರರವರೆಗೆ 7.15, ಇನ್ನೂರು ದಾಟಿದ್ದಕ್ಕೆ 8.20 ರೂಪಾಯಿ ದರವಿತ್ತು. ಈ ಪದ್ಧತಿಯಲ್ಲಿ ಒಂದು ಗೆರೆ ದಾಟಿದರೆ ದಾಟಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ. ಮೊದಲ ಐವತ್ತು ಯೂನಿಟ್ ಯಾರಿಗಾದರೂ 4.15ರಂತೆಯೇ. ಹಾಗಾಗಿ 200 ಯೂನಿಟ್ ಬಳಸಿದವರಿಗೂ 201 ಬಳಸಿದವರಿಗೂ ಇದ್ದ ವ್ಯತ್ಯಾಸ 8 ರೂಪಾಯಿ 20 ಪೈಸೆ ಮಾತ್ರ. ಮೆಟ್ಟಿಲು ಹತ್ತಿದ ಹಾಗೆ.

2023ರ ಮೇ 12ರ ಆದೇಶದಲ್ಲಿ ಇದು ಬದಲಾಯಿತು. ಎರಡೇ ಸ್ಲ್ಯಾಬ್ ಉಳಿದವು. ನೂರು ಯೂನಿಟ್ಟಿನವರೆಗೆ 4.75. ನೂರು ದಾಟಿದರೆ ಎಲ್ಲ ಯೂನಿಟ್ಟಿಗೂ, ಮೊದಲನೆಯದರಿಂದಲೇ, 7 ರೂಪಾಯಿ. ನೂರು ಯೂನಿಟ್ಟಿಗೆ 475 ರೂಪಾಯಿ, ನೂರೊಂದಕ್ಕೆ 707. ಮೆಟ್ಟಿಲಿದ್ದ ಜಾಗದಲ್ಲಿ ಗೋಡೆ ಎದ್ದಿತು. ಆ ದರ ಏಪ್ರಿಲಿನಿಂದಲೇ ಪೂರ್ವಾನ್ವಯವಾಗಿ ಜಾರಿಯಾದ್ದರಿಂದ ಜೂನ್ ತಿಂಗಳ ಬಿಲ್ಲಿನಲ್ಲಿ ಹಿಂಬಾಕಿಯೂ ಸೇರಿಕೊಂಡಿತು. ರಾಜ್ಯದಲ್ಲೆಲ್ಲ ಜನ ಬಿಲ್ ಹಿಡಿದು ಕಚೇರಿಗಳಿಗೆ ಹೋದ ತಿಂಗಳು ಅದು. 2024ರ ಏಪ್ರಿಲಿನಿಂದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೃಹಬಳಕೆಯ ಸ್ಲ್ಯಾಬನ್ನೇ ತೆಗೆದುಹಾಕಿತು. ಎಲ್ಲರಿಗೂ ಎಲ್ಲ ಯೂನಿಟ್ಟಿಗೂ 5.90, ಮುಂದಿನ ವರ್ಷ 5.80.

ಸರಳವಾಯಿತು, ನಿಜ. ಯಾರಿಗೆ ಲಾಭವಾಯಿತು ಎಂದೂ ಕೇಳಬೇಕು. ಬಳಕೆ ಶುಲ್ಕವನ್ನಷ್ಟೇ ನೋಡಿದರೆ, ನೂರು ಯೂನಿಟ್ಟಿಗೆ ಬೆಂಗಳೂರಿನ 2022-23ರ ದರದಲ್ಲಿ 487 ರೂಪಾಯಿ 50 ಪೈಸೆ ಆಗುತ್ತಿತ್ತು, 2025-26ರಲ್ಲಿ 580 ಆಯಿತು. ಇನ್ನೂರೈವತ್ತು ಯೂನಿಟ್ಟಿಗೆ ಮೊದಲು 1,612 ರೂಪಾಯಿ 50 ಪೈಸೆ, 2025-26ರಲ್ಲಿ 1,450. ಕಡಿಮೆ ಬಳಸುವವರಿಗೆ ಏರಿತು, ಹೆಚ್ಚು ಬಳಸುವವರಿಗೆ ಇಳಿಯಿತು. ಕಡಿಮೆ ಬಳಸುವ ಬಹುಪಾಲು ಮನೆಗಳಿಗೆ ಗೃಹಜ್ಯೋತಿ ಇರುವುದರಿಂದ ಇದು ಅವರಿಗೆ ತಟ್ಟುವುದಿಲ್ಲ, ಅವರ ಪರವಾಗಿ ಸರ್ಕಾರ ಕೊಡುತ್ತದೆ. ಆದರೆ ಯೋಜನೆಗೆ ನೋಂದಾಯಿಸಿಕೊಳ್ಳಲಾಗದ ಸಣ್ಣ ಮನೆಗಳೂ ಇವೆ. ಹೊಸದಾಗಿ ಬಂದ ಬಾಡಿಗೆದಾರರಿಗೆ ಹಿಂದಿನ ಬಳಕೆಯ ದಾಖಲೆ ಇಲ್ಲದಿದ್ದರೆ ರಾಜ್ಯದ ಸರಾಸರಿ 53 ಯೂನಿಟ್ಟಿಗೆ ಶೇಕಡಾ ಹತ್ತು ಸೇರಿಸಿ 58 ಯೂನಿಟ್ ಕೊಡುತ್ತಾರೆ. ಮೇಲಿನದ್ದಕ್ಕೆ ಪೂರ್ತಿ ದರ.

ಇನ್ನೊಂದು ಸಾಲು ಪಿಂಚಣಿ ಮತ್ತು ಗ್ರಾಚ್ಯುಟಿ ಸರ್ಚಾರ್ಜ್, ಯೂನಿಟ್ಟಿಗೆ 36 ಪೈಸೆ. 201ಕ್ಕೆ 72 ರೂಪಾಯಿ 36 ಪೈಸೆ. ವಿದ್ಯುತ್ ಪ್ರಸರಣ ನಿಗಮ ಮತ್ತು ವಿತರಣಾ ಕಂಪನಿಗಳ ನೌಕರರ ಪಿಂಚಣಿ ಹೊಣೆಯ ಒಂದು ಪಾಲನ್ನು ಗ್ರಾಹಕರಿಂದ ವಸೂಲು ಮಾಡಲು ಆಯೋಗ 2025ರ ಮಾರ್ಚಿನಲ್ಲಿ ಒಪ್ಪಿಗೆ ಕೊಟ್ಟಿತು, ಏಪ್ರಿಲಿನಿಂದ ಇದು ಬಿಲ್ಲಿನಲ್ಲಿದೆ. ದುಡಿದವರಿಗೆ ಪಿಂಚಣಿ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯೂನಿಟ್ ದರ ಹತ್ತು ಪೈಸೆ ಇಳಿಯಿತು ಎಂದು ಓದಿದವರು ಅದೇ ತಿಂಗಳು ಬೇರೆ ಹೆಸರಿನಲ್ಲಿ 36 ಪೈಸೆ ಸೇರಿತು ಎಂಬುದನ್ನೂ ಓದಬೇಕು. 2025-26ರ ನಿಜವಾದ ಯೂನಿಟ್ ದರ 6 ರೂಪಾಯಿ 16 ಪೈಸೆ.

ಇದರ ಜೊತೆಗೆ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ ಎಂಬ ಸಾಲು ಇದೆ. ವರ್ಷದ ಆರಂಭದಲ್ಲಿ ದರ ನಿಗದಿ ಮಾಡುವಾಗ ಕಲ್ಲಿದ್ದಲಿಗೆ ಇಷ್ಟು, ಹೊರಗಿನಿಂದ ಕೊಳ್ಳುವ ಕರೆಂಟಿಗೆ ಇಷ್ಟು ಎಂದು ಅಂದಾಜು ಮಾಡಿರುತ್ತಾರೆ. ಆಮೇಲೆ ನಿಜವಾದ ಖರ್ಚು ಹೆಚ್ಚಾದರೆ ಆ ವ್ಯತ್ಯಾಸವನ್ನು ಯೂನಿಟ್ಟಿಗೆ ಇಷ್ಟು ಪೈಸೆ ಎಂದು ಹಂಚುತ್ತಾರೆ. ಇದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂಗಳಲ್ಲಿ ಬೇರೆ ಬೇರೆ ಇರುತ್ತದೆ. ಹಾಗಾಗಿ ನಮ್ಮ ಲೆಕ್ಕದಲ್ಲಿ ಇದನ್ನು ಸೇರಿಸಿಲ್ಲ. ಎರಡು ತಿಂಗಳು ಒಂದೇ ಬಳಕೆಯಿದ್ದೂ ಮೊತ್ತ ಬೇರೆ ಬಂದರೆ ಮೊದಲು ನೋಡಬೇಕಾದ ಸಾಲು ಇದೇ. ಕೊನೆಗೆ ತೆರಿಗೆ. ಬಳಕೆ ಶುಲ್ಕದ ಮೇಲೆ ಶೇಕಡಾ 9, ಅಂದರೆ 104 ರೂಪಾಯಿ 92 ಪೈಸೆ. ಇದು ಸರ್ಕಾರಕ್ಕೆ ಹೋಗುವ ಹಣ.

ಕೂಡಿ ನೋಡಿ. 435, 1,165.80, 72.36, 104.92. ಒಟ್ಟು 1,778 ರೂಪಾಯಿ 8 ಪೈಸೆ. ಅಂಕಗಣಿತದಲ್ಲಿ ಎಲ್ಲೂ ತಪ್ಪಿಲ್ಲ. ಹಿಂಬಾಕಿ, ಅದರ ಮೇಲಿನ ಬಡ್ಡಿ ಏನಾದರೂ ಇದ್ದರೆ ಬೇರೆ ಸಾಲಿನಲ್ಲಿ ಬರುತ್ತಿತ್ತು, ಇಲ್ಲಿ ಅದೂ ಇಲ್ಲ.

ಹಾಗಿದ್ದರೆ ಇನ್ನೂರು ಯೂನಿಟ್ಟಿಗೆ 134 ರೂಪಾಯಿ ಹೇಗೆ? ಗೃಹಜ್ಯೋತಿಯ ನಿಯಮ ಹೀಗಿದೆ. ಅರ್ಹತೆಯೊಳಗೆ ಬಳಸಿದರೆ ಸೊನ್ನೆ ಬಿಲ್. ಅರ್ಹತೆ ಮೀರಿ ಇನ್ನೂರರೊಳಗೆ ನಿಂತರೆ ಮೀರಿದ ಯೂನಿಟ್ಟುಗಳ ಹಣ ಮಾತ್ರ. ಈ ಮನೆಗೆ 180ರ ಮೇಲೆ 20 ಯೂನಿಟ್, 6.16ರಂತೆ 123 ರೂಪಾಯಿ 20 ಪೈಸೆ, ತೆರಿಗೆ 10 ರೂಪಾಯಿ 44 ಪೈಸೆ. ಇನ್ನೂರು ದಾಟಿದರೆ ಆ ತಿಂಗಳ ಮಟ್ಟಿಗೆ ಸಹಾಯಧನ ಪೂರ್ತಿಯಾಗಿ ಇಲ್ಲ. ಮೊದಲ ಯೂನಿಟ್ಟಿನಿಂದ ಕಟ್ಟಬೇಕು, ನಿಗದಿತ ಶುಲ್ಕವನ್ನೂ ಕಟ್ಟಬೇಕು. ಮುಂದಿನ ತಿಂಗಳು ಇನ್ನೂರರೊಳಗೆ ಬಂದರೆ ಮತ್ತೆ ಸಿಗುತ್ತದೆ, ಹೆದರಿ ಮರುನೋಂದಣಿಗೆ ಓಡಬೇಕಾಗಿಲ್ಲ. ಆಯೋಗ ದರಪಟ್ಟಿಯಿಂದ ತೆಗೆದುಹಾಕಿದ ಗೋಡೆ ಇನ್ನೂರರ ಬಳಿ ಸಹಾಯಧನದ ರೂಪದಲ್ಲಿ ಇನ್ನೂ ಹಾಗೇ ನಿಂತಿದೆ, 2023ಕ್ಕಿಂತಲೂ ಎತ್ತರವಾಗಿ. ಗೃಹಜ್ಯೋತಿ ಇಲ್ಲದ ಮನೆಗೆ 201ನೇ ಯೂನಿಟ್ ಏಳು ರೂಪಾಯಿಗಿಂತ ಕಡಿಮೆ. ಇರುವ ಮನೆಗೆ ಸಾವಿರದ ಆರುನೂರು ದಾಟುತ್ತದೆ.

ಇದನ್ನು ತಪ್ಪಿಸಿಕೊಳ್ಳಬೇಕೆಂದರೆ ತಿಂಗಳ ಕೊನೆಯವರೆಗೆ ಕಾಯಬಾರದು. ಬಿಲ್ ಬಂದ ದಿನದ ಮಾಪನವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಇಪ್ಪತ್ತನೆಯ ದಿನ ಒಮ್ಮೆ ಮೀಟರ್ ನೋಡಬೇಕು. ಆ ಹೊತ್ತಿಗೆ 125 ದಾಟಿದ್ದರೆ ಇದೇ ವೇಗದಲ್ಲಿ 32 ದಿನಕ್ಕೆ ಇನ್ನೂರು ಮುಟ್ಟುತ್ತದೆ ಎಂದು ತಿಳಿಯುತ್ತದೆ. ಉಳಿದ ಹನ್ನೆರಡು ದಿನ ಗೀಸರನ್ನು ದಿನಕ್ಕೆ ಅರ್ಧ ಗಂಟೆ ಕಡಿಮೆ ಓಡಿಸಿದರೆ ಹನ್ನೆರಡು ಯೂನಿಟ್ ಉಳಿಯುತ್ತದೆ. ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬು ಆರಿಸುತ್ತಾ ಕೂತರೆ ಈ ಲೆಕ್ಕ ಮುಟ್ಟುವುದಿಲ್ಲ. ಬಿಸಿ ಮಾಡುವ ಮತ್ತು ತಂಪು ಮಾಡುವ ವಸ್ತುಗಳೇ ಬಿಲ್ಲನ್ನು ನಿರ್ಧರಿಸುತ್ತವೆ.

ಬಿಲ್ ತಪ್ಪಿದೆ ಎನಿಸಿದರೆ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ತೆಗೆದುಕೊಳ್ಳಿ. ಜೊತೆಗೆ ಮೀಟರಿನ ಫೋಟೊ, ಎರಡು ತಿಂಗಳ ಚೀಟಿಗಳ ಪ್ರತಿ ಇಟ್ಟು ಸಬ್ ಡಿವಿಷನ್ನಿನಲ್ಲಿ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ಒಂಬುಡ್ಸ್‌ಮನ್ ಇದ್ದಾರೆ.

ಮಾಪನದ ದಿನ ತಪ್ಪಿದ್ದನ್ನು ವೇದಿಕೆ ಸರಿಪಡಿಸಬಹುದು, ಆದರೆ ಇನ್ನೂರರ ಗೋಡೆಯನ್ನು ಒಡೆಯಬೇಕಾದ್ದು ಸರ್ಕಾರವೇ. 180 ಯೂನಿಟ್ ಅರ್ಹತೆಯ ಮನೆ 210 ಬಳಸಿದರೆ ಮೇಲಿನ ಮೂವತ್ತಕ್ಕೆ ಪೂರ್ತಿ ದರ ಕೇಳಲಿ. ಬೇಕಿದ್ದರೆ ಇನ್ನೂರು ದಾಟಿದ ಹತ್ತು ಯೂನಿಟ್ಟಿಗೆ ಎರಡರಷ್ಟು ದರ ಹಾಕಲಿ. ಉಳಿದ 180ನ್ನೂ ಕಿತ್ತುಕೊಳ್ಳುವುದು ಬೇಡ. ಬೇಸಿಗೆಯಲ್ಲಿ ವಯಸ್ಸಾದವರಿಗಾಗಿ ರಾತ್ರಿಯಿಡೀ ಫ್ಯಾನ್ ಹಾಕುವ ಮನೆಗಳೇ ಈ ಗೆರೆಯ ಹತ್ತಿರ ಇರುವವು. ಮುಂದಿನ ಬೇಸಿಗೆಗೆ ಮುಂಚೆ ಇಂಧನ ಇಲಾಖೆ ಈ ನಿಯಮವನ್ನು ತಿದ್ದಬೇಕು.